ಆಮದು ಸುಂಕ ಮತ್ತು ಆಮದು ಕೋಟಾ: ಬೆಲೆಯ ಅಂತರದ ಹಣ ಯಾರ ಪಾಲಿಗೆ?

ವಿದೇಶದಿಂದ ಬರುವ ಸರಕನ್ನು ತಡೆಯಲು ಸರ್ಕಾರದ ಬಳಿ ಮುಖ್ಯವಾಗಿ ಎರಡು ಸಾಧನಗಳಿವೆ. ಒಂದು ಆಮದು ಸುಂಕ, ಇನ್ನೊಂದು ಆಮದು ಕೋಟಾ. ಇವೆರಡೂ ಒಂದೇ ಪ್ರಮಾಣದ ಸರಕನ್ನು ಒಳಗೆ ಬಿಟ್ಟರೆ ಪೇಟೆಯ ಬೆಲೆ ಒಂದೇ ಆಗಿರುತ್ತದೆ. ರೈತನಿಗೆ ಸಿಗುವ ದರವೂ ಗ್ರಾಹಕ ತೆರುವ ದರವೂ ಬದಲಾಗುವುದಿಲ್ಲ. ಬದಲಾಗುವುದು ಒಂದೇ ಸಂಗತಿ: ವಿದೇಶದ ಅಗ್ಗದ ಬೆಲೆಗೂ ಒಳನಾಡಿನ ತುಟ್ಟಿಯ ಬೆಲೆಗೂ ನಡುವೆ ಹುಟ್ಟುವ ಹಣ ಯಾರ ಕೈ ಸೇರುತ್ತದೆ ಎಂಬುದು. ಈ ಲೇಖನವು ಆ ಹಣದ ಜಾಡನ್ನು ಎರಡು ಸರಕುಗಳ ಮೂಲಕ ಹಿಡಿಯುತ್ತದೆ. ಮೊದಲನೆಯದು ತೊಗರಿ. ಇದು ಕಲಬುರಗಿ, ವಿಜಯಪುರದ ಹೊಲಗಳಲ್ಲಿ ಬೆಳೆದು ಸಾಂಗಲಿ, ಮಿರಜಗಳ ಅಡುಗೆಮನೆಯಲ್ಲಿ ಬೇಯುವ ಕಾಳು. ಇದರ ವಿಷಯದಲ್ಲಿ ಭಾರತ ಆಮದು ಮಾಡಿಕೊಳ್ಳುವ ದೇಶ. ಎರಡನೆಯದು ಸಕ್ಕರೆ. ಕೃಷ್ಣಾ ತೀರದ ಕಬ್ಬಿನಿಂದ ತಯಾರಾಗುವ ಈ ಸರಕಿನ ವಿಷಯದಲ್ಲಿ ಭಾರತ ಬೇರೊಂದು ದೇಶದ ಕೋಟಾದೊಳಗೆ ಮಾರುವ ದೇಶ.

ಎರಡು ಸಾಧನಗಳ ಅರ್ಥ

ಸುಂಕವೆಂದರೆ ಬಂದರಿನಲ್ಲಿ ಪ್ರತಿ ಕಿಲೋಗೆ ಇಷ್ಟು ರೂಪಾಯಿ ಎಂದೋ, ಬೆಲೆಯ ಶೇಕಡಾ ಇಷ್ಟು ಎಂದೋ ವಸೂಲು ಮಾಡುವ ತೆರಿಗೆ. ಎಷ್ಟು ಸರಕು ಬರಬೇಕೆಂದು ಸರ್ಕಾರ ಹೇಳುವುದಿಲ್ಲ. ಸುಂಕ ಕೊಟ್ಟು ತರಲು ಯಾರಿಗೆ ಲಾಭವಿದೆಯೋ ಅವರು ತರುತ್ತಾರೆ.

ಕೋಟಾ ಇದರ ತಿರುವು. ವರ್ಷಕ್ಕೆ ಇಷ್ಟು ಟನ್ ಮಾತ್ರ ಬರಬಹುದು ಎಂದು ಸರ್ಕಾರ ಪ್ರಮಾಣವನ್ನೇ ನಿಗದಿ ಮಾಡುತ್ತದೆ. ಬೆಲೆ ಎಷ್ಟಾಗಬೇಕೆಂಬುದನ್ನು ಪೇಟೆಗೆ ಬಿಡುತ್ತದೆ. ಪ್ರಮಾಣ ಸೀಮಿತವಾದ್ದರಿಂದ ಆ ಮಿತಿಯೊಳಗೆ ಸರಕು ತರುವ ಹಕ್ಕನ್ನು ಯಾರಿಗೆ ಕೊಡಬೇಕೆಂಬ ಪ್ರಶ್ನೆ ಕೂಡಲೇ ಏಳುತ್ತದೆ. ಆ ಹಕ್ಕಿನ ಪತ್ರವೇ ಆಮದು ಪರವಾನಗಿ.

ಪರವಾನಗಿ ಹೊಂದಿದವನು ಅಗ್ಗವಾಗಿ ಕೊಂಡು ತುಟ್ಟಿಯಾಗಿ ಮಾರುತ್ತಾನೆ. ಸಾಗಣೆ, ಬಡ್ಡಿ, ಸಾಮಾನ್ಯ ವ್ಯಾಪಾರದ ಲಾಭ ಎಲ್ಲವನ್ನೂ ಕಳೆದ ಮೇಲೂ ಅವನ ಬಳಿ ಉಳಿಯುವ ಹಣಕ್ಕೆ ಅರ್ಥಶಾಸ್ತ್ರದಲ್ಲಿ ಕೋಟಾ ಗೇಣಿ ಎಂಬ ಹೆಸರಿದೆ. ಹೊಲದ ಒಡೆಯನು ಉಳುಮೆ ಮಾಡದೆ, ಒಡೆತನದ ಬಲದಿಂದ ಗೇಣಿ ಪಡೆದಂತೆ ಇಲ್ಲಿ ಪರವಾನಗಿಯ ಒಡೆತನವೇ ಆದಾಯ ತರುತ್ತದೆ.

ತೊಗರಿಗೆ ಕೋಟಾ ಬಂದ ಬಗೆ

ಭಾರತವು 2001ರ ಏಪ್ರಿಲ್ 1ರಂದು ಉಳಿದಿದ್ದ 715 ಸರಕುಗಳ ಮೇಲಿನ ಆಮದು ಪ್ರಮಾಣ ನಿರ್ಬಂಧವನ್ನು ತೆಗೆದುಹಾಕಿತು. ಅಲ್ಲಿಂದ ಮುಂದೆ ಸುಂಕವೇ ಮುಖ್ಯ ಸಾಧನವಾಗಬೇಕೆಂಬುದು ನೀತಿಯಾಗಿತ್ತು. ಬೇಳೆಕಾಳುಗಳ ವಿಷಯದಲ್ಲಿ ಮಾತ್ರ ಕೋಟಾ ಮತ್ತೆ ಮರಳಿತು.

2015ರ ಕೊನೆಯಲ್ಲಿ ಚಿಲ್ಲರೆ ಪೇಟೆಯಲ್ಲಿ ತೊಗರಿ ಬೇಳೆ ಕಿಲೋಗೆ ₹200ರ ಸಮೀಪಕ್ಕೆ ಏರಿತ್ತು. ಆ ಬೆಲೆ ಕಂಡು ರೈತರು ಮುಂದಿನ ಮುಂಗಾರಿನಲ್ಲಿ ತೊಗರಿಯನ್ನು ಹೇರಳವಾಗಿ ಬಿತ್ತಿದರು. ಮಳೆಯೂ ಕೈಹಿಡಿಯಿತು. 2016-17ರಲ್ಲಿ ದೇಶದ ಇಳುವರಿ 48 ಲಕ್ಷ ಟನ್ ದಾಟಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ ₹5,050 ಇದ್ದರೂ ಪೇಟೆಯ ದರ ಅದಕ್ಕಿಂತ ಕೆಳಗಿಳಿಯಿತು. 2017ರ ಮಾರ್ಚ್‌ನಲ್ಲಿ ಕೇಂದ್ರವು ತೊಗರಿಯ ಮೇಲೆ ಶೇ. 10ರ ಆಮದು ಸುಂಕ ಹಾಕಿತು. ಅದು ಸಾಲದೆ ಅದೇ ವರ್ಷದ ಆಗಸ್ಟ್ 5ರಂದು ಹಣಕಾಸು ವರ್ಷಕ್ಕೆ 2 ಲಕ್ಷ ಟನ್‌ ಎಂಬ ಮಿತಿ ಬಂತು. 2019ರಲ್ಲಿ ಮಿತಿಯನ್ನು 4 ಲಕ್ಷ ಟನ್‌ಗೆ ಏರಿಸಲಾಯಿತು. 2021ರ ಮೇ 15ರಂದು ತೊಗರಿಯ ಆಮದನ್ನು ಮತ್ತೆ ಮುಕ್ತಗೊಳಿಸಲಾಯಿತು.

ಸುಂಕ ಏಕೆ ಸಾಲಲಿಲ್ಲ? ಭಾರತಕ್ಕೆ ತೊಗರಿ ಬರುವುದು ಮುಖ್ಯವಾಗಿ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಗಳಿಂದ. ಇವೆಲ್ಲ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿರುವ ದೇಶಗಳು. ಅಂಥ ದೇಶಗಳ ಸರಕಿಗೆ ಭಾರತ 2008ರಿಂದ ಸುಂಕ ವಿನಾಯಿತಿಯ ಯೋಜನೆಯನ್ನು ನಡೆಸುತ್ತಿದೆ. ಕಾಗದದ ಮೇಲೆ ಶೇ. 10 ಇದ್ದ ಸುಂಕ ಬಂದರಿನಲ್ಲಿ ಹೆಚ್ಚಿನ ಸರಕಿಗೆ ತಟ್ಟುತ್ತಿರಲಿಲ್ಲ. ಹೀಗಾಗಿ ಪ್ರಮಾಣವನ್ನೇ ಕಟ್ಟಿಹಾಕುವ ದಾರಿ ಹಿಡಿಯಲಾಯಿತು. ಆ ದಾರಿ ಹಿಡಿದ ಗಳಿಗೆಯಿಂದಲೇ ಬೆಲೆಯ ಅಂತರದ ಹಣ ಬೊಕ್ಕಸದ ಹಾದಿ ಬಿಟ್ಟು ಬೇರೆಡೆಗೆ ತಿರುಗಿತು.

ಲೆಕ್ಕದ ಮೂಲಕ ನೋಡಿದರೆ

ಮುಂದಿನ ಅಂಕಿಗಳು ಲೆಕ್ಕ ತಿಳಿಯಲು ಕಲ್ಪಿಸಿಕೊಂಡವು. ಕೋಟಾದ ಪ್ರಮಾಣ ಮಾತ್ರ ನಿಜದ್ದು, ಅಂದರೆ 4 ಲಕ್ಷ ಟನ್.

ವಿದೇಶದ ತೊಗರಿ ನಮ್ಮ ಬಂದರಿಗೆ ಬಂದು ಬೀಳುವ ಬೆಲೆ ಕಿಲೋಗೆ ₹50 ಎಂದಿಟ್ಟುಕೊಳ್ಳೋಣ. ಯಾವ ತಡೆಯೂ ಇಲ್ಲದಿದ್ದರೆ ದೇಶ 8 ಲಕ್ಷ ಟನ್ ತರಿಸಿಕೊಳ್ಳುತ್ತದೆ. ಒಳನಾಡಿನ ಬೆಲೆ ಒಂದು ರೂಪಾಯಿ ಏರಿದಂತೆಲ್ಲ ಆಮದಿನ ಬೇಡಿಕೆ 40 ಸಾವಿರ ಟನ್ ಇಳಿಯುತ್ತದೆ. ಏಕೆಂದರೆ ನಮ್ಮ ರೈತ ಹೆಚ್ಚು ಮಾರುತ್ತಾನೆ, ಗ್ರಾಹಕ ಕಡಿಮೆ ಕೊಳ್ಳುತ್ತಾನೆ.

ಈಗ ಸರ್ಕಾರ ಕಿಲೋಗೆ ₹10 ಸುಂಕ ಹಾಕುತ್ತದೆ. ಬೆಲೆ ₹60 ಆಗುತ್ತದೆ. ಆಮದು 4 ಲಕ್ಷ ಟನ್‌ಗೆ ಇಳಿಯುತ್ತದೆ. 4 ಲಕ್ಷ ಟನ್ ಎಂದರೆ 40 ಕೋಟಿ ಕಿಲೋ. ಪ್ರತಿ ಕಿಲೋಗೆ ₹10ರಂತೆ ಬೊಕ್ಕಸಕ್ಕೆ ₹400 ಕೋಟಿ ಬರುತ್ತದೆ.

ಸುಂಕದ ಬದಲು 4 ಲಕ್ಷ ಟನ್ ಕೋಟಾ ಹಾಕಿದರೆ ಏನಾಗುತ್ತದೆ? ಪೇಟೆಗೆ ಬರುವ ಒಟ್ಟು ಕಾಳು ಅಷ್ಟೇ ಆದ್ದರಿಂದ ಬೆಲೆಯೂ ₹60ರಲ್ಲೇ ನಿಲ್ಲುತ್ತದೆ. ಕಲಬುರಗಿಯ ರೈತನಿಗೆ ಅದೇ ರಕ್ಷಣೆ, ಮಿರಜದ ಗೃಹಿಣಿಗೆ ಅದೇ ಹೊರೆ. ಆದರೆ ಬಂದರಿನಲ್ಲಿ ₹50ಕ್ಕೆ ಬಿದ್ದ ಕಾಳು ಪೇಟೆಯಲ್ಲಿ ₹60ಕ್ಕೆ ಮಾರಾಟವಾದಾಗ ಉಳಿಯುವ ₹10 ಬೊಕ್ಕಸಕ್ಕೆ ಹೋಗುವುದಿಲ್ಲ. ಅದೇ ₹400 ಕೋಟಿ ಪರವಾನಗಿ ಹಿಡಿದವರ ಕೈಯಲ್ಲಿ ಉಳಿಯುತ್ತದೆ.

ಗ್ರಾಹಕನ ಹೊರೆಗೂ ಸರ್ಕಾರದ ಆದಾಯಕ್ಕೂ ನೇರ ಸಂಬಂಧವಿಲ್ಲ ಎಂಬುದು ಇಲ್ಲಿ ಗಮನಿಸತಕ್ಕ ಮಾತು. ಸುಂಕವಿಲ್ಲ ಎಂದ ಮಾತ್ರಕ್ಕೆ ಗ್ರಾಹಕ ತೆರಿಗೆ ತೆರುತ್ತಿಲ್ಲ ಎಂದಾಗದು. ಅವನು ತೆರುತ್ತಲೇ ಇರುತ್ತಾನೆ, ರಸೀದಿ ಮಾತ್ರ ಸರ್ಕಾರದ ಹೆಸರಿನಲ್ಲಿರುವುದಿಲ್ಲ.

ಅದೇ ಹಣಕ್ಕೆ ನಾಲ್ಕು ದಾರಿಗಳು

ಕೋಟಾ ಹಾಕಿದ ಮೇಲೆ ಈ ₹400 ಕೋಟಿ ಯಾರದಾಗುತ್ತದೆ ಎಂಬುದು ಪರವಾನಗಿ ಹಂಚುವ ಕ್ರಮವನ್ನು ಅವಲಂಬಿಸಿದೆ.

ಮೊದಲನೆಯ ದಾರಿ ಹರಾಜು. ಸರ್ಕಾರ ಪರವಾನಗಿಗಳನ್ನು ಹರಾಜಿಗಿಟ್ಟರೆ, ಕಿಲೋಗೆ ₹10 ಉಳಿಯುತ್ತದೆಂದು ಬಲ್ಲ ವ್ಯಾಪಾರಿಗಳು ಪೈಪೋಟಿಯಲ್ಲಿ ಹತ್ತಿರ ಹತ್ತಿರ ₹10ರವರೆಗೂ ಕೂಗುತ್ತಾರೆ. ಆಗ ಗೇಣಿಯ ಬಹುಪಾಲು ಬೊಕ್ಕಸಕ್ಕೆ ಮರಳುತ್ತದೆ, ಕೋಟಾ ಸುಂಕದಂತೆಯೇ ಕೆಲಸ ಮಾಡುತ್ತದೆ. ಕೂಗುವವರು ನಾಲ್ಕೇ ಮಂದಿಯಾಗಿ ಅವರು ಒಳಗೊಳಗೇ ಮಾತಾಡಿಕೊಂಡರೆ ಈ ಫಲ ಸಿಗದು.

ಎರಡನೆಯ ದಾರಿ ಉಚಿತ ಹಂಚಿಕೆ. 2018ರ ನಂತರದ ತೊಗರಿ ಕೋಟಾ ಈ ಬಗೆಯದು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಸ್ವಂತ ಗಿರಣಿ ಇರುವ ಬೇಳೆ ತಯಾರಕರಿಂದ ಅರ್ಜಿ ಪಡೆದು ಪಾಲು ಹಂಚಿತು. ಕೇವಲ ಕೊಂಡು ಮಾರುವ ವ್ಯಾಪಾರಿಗೆ ಅವಕಾಶವಿರಲಿಲ್ಲ. ನಮ್ಮ ಲೆಕ್ಕದಲ್ಲಿ 500 ಟನ್ ಪಾಲು ಪಡೆದ ಗಿರಣಿಯನ್ನು ನೆನೆಯಿರಿ. 500 ಟನ್ ಎಂದರೆ 5 ಲಕ್ಷ ಕಿಲೋ. ಕಿಲೋಗೆ ₹10ರಂತೆ ಆ ಪರವಾನಗಿ ಪತ್ರದ ಬೆಲೆ ₹50 ಲಕ್ಷ. ಕಾಳನ್ನು ಒಡೆಯುವ ಕೂಲಿ, ಗಿರಣಿಯ ನ್ಯಾಯವಾದ ಲಾಭ ಇದರಿಂದ ಹೊರತು.

ಗಿರಣಿಗೆ ಅಗ್ಗದ ಕಾಳು ಸಿಕ್ಕರೆ ಬೇಳೆ ಅಗ್ಗವಾಗುತ್ತದಲ್ಲ ಎಂಬ ಪ್ರಶ್ನೆ ಸಹಜ. ಆಗುವುದಿಲ್ಲ. ಆ ಗಿರಣಿ ತನ್ನ ಬೇಳೆಯನ್ನು ಮಾರುವ ಪೇಟೆಯಲ್ಲಿ ಉಳಿದ ಗಿರಣಿಗಳು ₹60ರ ಕಾಳಿನಿಂದ ಬೇಳೆ ಮಾಡಿ ಮಾರುತ್ತಿರುತ್ತವೆ. ಪೇಟೆಯ ದರ ಅವರ ಖರ್ಚಿನ ಮೇಲೆ ನಿಲ್ಲುತ್ತದೆ. ₹50ರ ಕಾಳು ಸಿಕ್ಕವನು ತನ್ನ ದರ ಇಳಿಸಲು ಕಾರಣವೇ ಇಲ್ಲ. ಅವನ ಪಾಲಿನ ಅಗ್ಗ ಅವನ ಲಾಭದಲ್ಲೇ ಉಳಿಯುತ್ತದೆ.

ಮೂರನೆಯ ದಾರಿ ಹಕ್ಕನ್ನು ರಫ್ತು ಮಾಡುವ ದೇಶಕ್ಕೆ ಒಪ್ಪಿಸುವುದು. 2016ರ ಜುಲೈನಲ್ಲಿ ಭಾರತ ಮತ್ತು ಮೊಜಾಂಬಿಕ್ ನಡುವೆ ಬೇಳೆಕಾಳು ಒಪ್ಪಂದವಾಯಿತು. ಆಮದು ಪ್ರಮಾಣ 2020-21ರ ಹೊತ್ತಿಗೆ ವರ್ಷಕ್ಕೆ 2 ಲಕ್ಷ ಟನ್ ಆಗಬೇಕೆಂಬುದು ಅದರ ಗುರಿ. ಸರ್ಕಾರಗಳ ನಡುವಿನ ಇಂಥ ಮಾತುಕೊಡುಗೆಗೆ ಭಾರತದ ಸಾಮಾನ್ಯ ಕೋಟಾ ಅಡ್ಡಿ ಬರುವಂತಿರಲಿಲ್ಲ. ಯಾವ ಸರಕು ಈ ಪ್ರಮಾಣದೊಳಗೆ ಸೇರುತ್ತದೆ ಎಂದು ಪ್ರಮಾಣಪತ್ರ ಕೊಡುವ ಅಧಿಕಾರ ಯಾರ ಕೈಯಲ್ಲಿದೆಯೋ ಚೌಕಾಶಿಯ ಬಲವೂ ಅವರದೇ. ಪ್ರಮಾಣಪತ್ರ ಅತ್ತ ಕಡೆ ಸಿಗುವುದಾದರೆ ಅಲ್ಲಿನ ರಫ್ತುದಾರ ₹50ಕ್ಕೆ ಮಾರುವ ಬದಲು ₹58, ₹59 ಕೇಳಬಲ್ಲ. ಇತ್ತ ಕೊಳ್ಳುವವನಿಗೆ ಆಗಲೂ ನಷ್ಟವಿಲ್ಲ. ಗೇಣಿ ಮಾತ್ರ ಕಡಲಾಚೆ ಉಳಿಯುತ್ತದೆ.

ದೇಶದ ದೃಷ್ಟಿಯಿಂದ ಈ ದಾರಿ ಎಲ್ಲಕ್ಕಿಂತ ದುಬಾರಿ. ಪರವಾನಗಿ ಉಚಿತವಾಗಿ ಹಂಚಿದಾಗ ₹400 ಕೋಟಿ ಗ್ರಾಹಕನ ಕಿಸೆಯಿಂದ ಗಿರಣಿಯವನ ಕಿಸೆಗೆ ಹೋಗುತ್ತದೆ. ಅದು ಅನ್ಯಾಯವೆನಿಸಬಹುದು, ಆದರೆ ಹಣ ದೇಶದೊಳಗೇ ಇರುತ್ತದೆ. ಅದೇ ಹಣ ವಿದೇಶಿ ರಫ್ತುದಾರನಿಗೆ ಹೋದರೆ ದೇಶದ ಒಟ್ಟು ಆದಾಯವೇ ಅಷ್ಟು ಕುಗ್ಗುತ್ತದೆ.

ನಾಲ್ಕನೆಯ ದಾರಿ ಗೇಣಿಯನ್ನು ಹಿಡಿಯುವ ಓಟದಲ್ಲೇ ಅದು ಸವೆದುಹೋಗುವುದು. ಗಿರಣಿಯ ಸಾಮರ್ಥ್ಯ ನೋಡಿ ಪಾಲು ಕೊಡುತ್ತಾರೆಂದರೆ ಅಗತ್ಯವಿಲ್ಲದ ಯಂತ್ರ ಕೂರಿಸಲು ಕಾರಣ ಸಿಗುತ್ತದೆ. ಮೊದಲು ಬಂದವರಿಗೆ ಎಂದರೆ ಅವಸರದಲ್ಲಿ ಹಡಗು ಗೊತ್ತುಮಾಡುವ ಖರ್ಚು ಬೀಳುತ್ತದೆ. ಅಧಿಕಾರಿಯ ವಿವೇಚನೆಗೆ ಬಿಟ್ಟರೆ ಓಡಾಟಕ್ಕೂ ಲಂಚಕ್ಕೂ ಹಣ ಹೋಗುತ್ತದೆ. ಅರ್ಥಶಾಸ್ತ್ರಜ್ಞೆ ಆ್ಯನ್ ಕ್ರೂಗರ್ 1974ರಲ್ಲಿ ಈ ಸವಕಳಿಯನ್ನು ಅಳೆಯಲು ಆಯ್ದುಕೊಂಡ ದೇಶಗಳಲ್ಲಿ ಭಾರತವೂ ಒಂದು. ಆಮದು ಪರವಾನಗಿ ಸೇರಿದಂತೆ ನಾನಾ ಸರ್ಕಾರಿ ನಿಯಂತ್ರಣಗಳು ಹುಟ್ಟಿಸಿದ ಗೇಣಿ 1964ರಲ್ಲಿ ಭಾರತದ ರಾಷ್ಟ್ರೀಯ ಆದಾಯದ ಶೇ. 7.3ರಷ್ಟಿತ್ತೆಂದು ಅವರು ಅಂದಾಜಿಸಿದರು.

ನ್ಯಾಯಾಲಯದ ಖರ್ಚೂ ಈ ಓಟದ ಭಾಗವೇ. ಬೇಳೆಕಾಳುಗಳ ಪ್ರಮಾಣ ಮಿತಿಯನ್ನು ಪ್ರಶ್ನಿಸಿ ಆಮದುದಾರರು ಹಲವು ಹೈಕೋರ್ಟ್‌ಗಳ ಮೆಟ್ಟಿಲೇರಿದರು, ಮಧ್ಯಂತರ ಆದೇಶದ ಬಲದಿಂದ ಸರಕು ತರಿಸಿಕೊಂಡವರೂ ಇದ್ದರು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. ಅಗ್ರಿಕಾಸ್ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ 2020ರ ಆಗಸ್ಟ್ 26ರಂದು ನ್ಯಾಯಾಲಯ ಸರ್ಕಾರದ ಅಧಿಸೂಚನೆಗಳನ್ನು ಎತ್ತಿಹಿಡಿಯಿತು. ಮಿತಿಯಾಚೆಗೆ ತರಿಸಿದ ಪ್ರತಿ ಕಿಲೋದಲ್ಲೂ ಬೆಲೆಯ ಅಂತರದ ಲಾಭ ಅಡಗಿದ್ದರಿಂದಲೇ ಇಷ್ಟು ದೂರದ ಹೋರಾಟ ನಡೆದದ್ದು.

ಸಕ್ಕರೆ: ನಾವು ಗೇಣಿ ಪಡೆಯುವ ಕಡೆಯಲ್ಲಿ ನಿಂತಾಗ

ಮೂರನೆಯ ದಾರಿಯನ್ನು ಎದುರು ದಿಕ್ಕಿನಿಂದ ನೋಡಲು ಸಾಂಗಲಿ ಸೀಮೆಗೆ ಸಕ್ಕರೆಗಿಂತ ಹತ್ತಿರದ ಉದಾಹರಣೆ ಇಲ್ಲ.

ಅಮೆರಿಕ ತನ್ನ ಕಬ್ಬು ಮತ್ತು ಬೀಟ್ ಬೆಳೆಗಾರರನ್ನು ಕಾಯಲು 1982ರ ಮೇ ತಿಂಗಳಲ್ಲಿ ಸಕ್ಕರೆ ಆಮದಿಗೆ ದೇಶವಾರು ಕೋಟಾ ಹಾಕಿತು. 1990ರ ಅಕ್ಟೋಬರ್‌ನಲ್ಲಿ ಅದನ್ನು ಸುಂಕ ದರ ಕೋಟಾ ಎಂಬ ಮಿಶ್ರ ರೂಪಕ್ಕೆ ಬದಲಿಸಿತು. ಇದರಲ್ಲಿ ಮಿತಿಯೊಳಗಿನ ಸರಕಿಗೆ ಅಲ್ಪ ಸುಂಕ, ಮಿತಿ ದಾಟಿದ ಸರಕಿಗೆ ಭಾರಿ ಸುಂಕ. ಕಚ್ಚಾ ಸಕ್ಕರೆಯ ವಿಷಯದಲ್ಲಿ ಒಳಗಿನ ಸುಂಕ ಪೌಂಡಿಗೆ 0.625 ಸೆಂಟ್, ಹೊರಗಿನದು 15.36 ಸೆಂಟ್. ಹೊರಗಿನ ಸುಂಕ ಕೊಟ್ಟು ಮಾರುವುದು ಸಾಮಾನ್ಯವಾಗಿ ಗಿಟ್ಟುವುದಿಲ್ಲ, ಆದ್ದರಿಂದ ಇದು ಬಹುಮಟ್ಟಿಗೆ ಕೋಟಾದಂತೆಯೇ ನಡೆಯುತ್ತದೆ.

ವಿಶ್ವ ವ್ಯಾಪಾರ ಸಂಸ್ಥೆಗೆ ಕೊಟ್ಟ ವಚನದಂತೆ ಅಮೆರಿಕ ವರ್ಷಕ್ಕೆ ಕನಿಷ್ಠ 11,17,195 ಟನ್ ಕಚ್ಚಾ ಸಕ್ಕರೆಯನ್ನು ಈ ರಿಯಾಯಿತಿಯಲ್ಲಿ ಬಿಡಬೇಕು. 1975ರಿಂದ 1981ರವರೆಗೆ ಯಾವ ದೇಶ ಎಷ್ಟು ಮಾರಿತ್ತೆಂಬುದೇ ಪಾಲು ಹಂಚಿಕೆಗೆ ಆಧಾರ. ಆ ಲೆಕ್ಕದಲ್ಲಿ ಭಾರತದ ಪಾಲು 8,424 ಟನ್. ಸಾಂಗಲಿಯ ಓದುಗರಿಗೆ ಇದರ ಗಾತ್ರ ಹೀಗೆ ಅರ್ಥವಾದೀತು: ನೂರು ಟನ್ ಕಬ್ಬಿಗೆ ಹತ್ತೂವರೆ ಟನ್ ಸಕ್ಕರೆ ಎಂದರೆ 8,424 ಟನ್‌ಗೆ ಬೇಕಾಗುವ ಕಬ್ಬು ಸುಮಾರು 80 ಸಾವಿರ ಟನ್. ದಿನಕ್ಕೆ 5 ಸಾವಿರ ಟನ್ ಅರೆಯುವ ಒಂದೇ ಕಾರ್ಖಾನೆಗೆ ಅದು ಹದಿನಾರು ದಿನದ ಕೆಲಸ.

ಪ್ರಮಾಣ ಚಿಕ್ಕದು, ಆದರೆ ಪಾಠ ಸ್ಪಷ್ಟವಾದದ್ದು. ಅಮೆರಿಕದ ಒಳಬೆಲೆ ಅಂತರರಾಷ್ಟ್ರೀಯ ಬೆಲೆಗಿಂತ ಬಹುಕಾಲದಿಂದ ಮೇಲೆಯೇ ಇದೆ. ಆ ಅಂತರ ಪೌಂಡಿಗೆ 10 ಸೆಂಟ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಟನ್ನಿಗೆ ಅದು 220 ಡಾಲರ್ ಆಗುತ್ತದೆ. 8,424 ಟನ್ನಿಗೆ ಸುಮಾರು 18.5 ಲಕ್ಷ ಡಾಲರ್. ಇದರಲ್ಲಿ ಒಳಗಿನ ಅಲ್ಪ ಸುಂಕವಾಗಿ ಅಮೆರಿಕದ ಬೊಕ್ಕಸ ಪಡೆಯುವುದು ಹೆಚ್ಚೆಂದರೆ 1.2 ಲಕ್ಷ ಡಾಲರ್. ಉಳಿದ 17.3 ಲಕ್ಷ ಡಾಲರ್ ಮಾರುವವರ ಪಾಲಿಗೆ. ಅಮೆರಿಕ ಅಷ್ಟೇ ಸಕ್ಕರೆಯನ್ನು ಪೂರ್ಣ ಸುಂಕದ ಮೂಲಕ ಬಿಟ್ಟುಕೊಂಡಿದ್ದರೆ ಈ ಹಣವೆಲ್ಲ ಅದರ ಬೊಕ್ಕಸಕ್ಕೇ ಸೇರುತ್ತಿತ್ತು.

ಹಣ ಈ ಕಡೆ ಬರಲು ಕಾರಣ ಒಂದು ಕಾಗದ. ಈ ಸರಕು ಕೋಟಾದೊಳಗಿನದು ಎಂಬ ಪ್ರಮಾಣಪತ್ರವನ್ನು ಅಮೆರಿಕದ ಆಮದುದಾರನಿಗೆ ಕೊಡುವುದಿಲ್ಲ, ರಫ್ತು ಮಾಡುವ ದೇಶದ ಸರ್ಕಾರದ ಮೂಲಕ ಕೊಡಲಾಗುತ್ತದೆ. ಪತ್ರ ಹಿಡಿದವನೇ ಬೆಲೆ ಹೇಳುತ್ತಾನೆ. ಹೀಗಾಗಿಯೇ ಭಾರತ ತನ್ನ ಸಕ್ಕರೆ ರಫ್ತನ್ನು 2022ರ ಜೂನ್ 1ರಿಂದ ನಿರ್ಬಂಧಿಸಿದಾಗಲೂ ಅಮೆರಿಕದ ಕೋಟಾಕ್ಕೂ ಐರೋಪ್ಯ ಒಕ್ಕೂಟದ ಕೋಟಾಕ್ಕೂ ವಿನಾಯಿತಿ ಉಳಿಸಿತು. ಮಾರದೆ ಬಿಟ್ಟರೆ ಹೋಗುವುದು ನಮ್ಮ ಗೇಣಿಯೇ.

ದೇಶಕ್ಕೆ ಬಂದ ಗೇಣಿ ಕಬ್ಬು ಬೆಳೆದವನಿಗೆ ತಲಪುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಕಬ್ಬಿಗೆ ಕೇಂದ್ರ ನಿಗದಿ ಮಾಡುವ ನ್ಯಾಯಬದ್ಧ ಮತ್ತು ಲಾಭದಾಯಕ ಬೆಲೆ ಇಳುವರಿಯ ಮೇಲೆ ನಿಂತದ್ದು, ಸಕ್ಕರೆ ಯಾವ ದೇಶಕ್ಕೆ ಹೋಯಿತೆಂಬುದರ ಮೇಲೆ ಅಲ್ಲ. ಆದ್ದರಿಂದ ಕೋಟಾದ ಲಾಭ ಮೊದಲು ನಿಲ್ಲುವುದು ರಫ್ತಿನ ಹಕ್ಕು ಪಡೆದ ಸಂಸ್ಥೆ ಅಥವಾ ಕಾರ್ಖಾನೆಯ ಲೆಕ್ಕದಲ್ಲಿ.

ಪರವಾನಗಿ ಪತ್ರಕ್ಕೇ ಬೆಲೆ ಇದೆಯೆಂಬುದನ್ನು ಈ ಸೀಮೆಯ ಕಾರ್ಖಾನೆಗಳು ಹತ್ತಿರದಿಂದ ಕಂಡಿವೆ. 2022-23ರ ಹಂಗಾಮಿಗೆ ಕೇಂದ್ರವು 60 ಲಕ್ಷ ಟನ್ ರಫ್ತು ಕೋಟಾವನ್ನು ಎಲ್ಲ ಕಾರ್ಖಾನೆಗಳಿಗೆ ಹಿಂದಿನ ಮೂರು ಹಂಗಾಮುಗಳ ಸರಾಸರಿ ಉತ್ಪಾದನೆಯ ಶೇ. 18.23ರಂತೆ ಹಂಚಿತು. ಇದು ಆಮದಿನದಲ್ಲ, ರಫ್ತಿನ ಕೋಟಾ. ತತ್ತ್ವ ಮಾತ್ರ ಅದೇ. ಬಂದರಿನಿಂದ ದೂರವಿರುವ ಉತ್ತರ ಪ್ರದೇಶದ ಕಾರ್ಖಾನೆಗಳಿಗೆ ತಮ್ಮ ಪಾಲನ್ನು ಬಂದರಿಗೆ ಹತ್ತಿರದ ಕಾರ್ಖಾನೆಗಳೊಂದಿಗೆ ಅದಲುಬದಲು ಮಾಡಿಕೊಳ್ಳುವ ಅವಕಾಶವಿತ್ತು. ಮಹಾರಾಷ್ಟ್ರದ ಕಾರ್ಖಾನೆಗಳು ಟನ್ನಿಗೆ ಇಷ್ಟು ಎಂದು ಹೆಚ್ಚುವರಿ ಹಣ ತೆತ್ತು ಆ ಹಕ್ಕನ್ನು ಪಡೆದವು. ಒಂದು ಚೀಲ ಸಕ್ಕರೆಯೂ ಕೈ ಬದಲಿಸದೆ ಬರಿಯ ಹಕ್ಕಿಗೆ ತೆತ್ತ ಆ ಹಣವೇ ಕೋಟಾ ಗೇಣಿಯ ಕಣ್ಣಿಗೆ ಕಾಣುವ ರೂಪ.

ಸಮಾನತೆ ಎಲ್ಲಿ ಮುರಿಯುತ್ತದೆ

ಒಂದೇ ಆಮದು ಪ್ರಮಾಣದಲ್ಲಿ ಸುಂಕ ಮತ್ತು ಕೋಟಾ ಒಂದೇ ಬೆಲೆ ಕೊಡುತ್ತವೆ ಎಂಬ ಮಾತು ಪರಿಸ್ಥಿತಿ ಬದಲಾಗದಿರುವವರೆಗೆ ಮಾತ್ರ ನಿಜ. ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1965ರಲ್ಲೇ ಈ ಸಮಾನತೆಯ ಮಿತಿಗಳನ್ನು ಪರಿಶೀಲಿಸಿದ್ದರು. ಒಳನಾಡಿನಲ್ಲಿ ಏಕಸ್ವಾಮ್ಯವಿದ್ದರೆ ಎರಡೂ ಒಂದೇ ಆಗಿ ಉಳಿಯುವುದಿಲ್ಲವೆಂದು ಅವರು ತೋರಿಸಿದರು. ಸುಂಕವಿದ್ದಾಗ ಒಳನಾಡಿನ ದೊಡ್ಡ ಉತ್ಪಾದಕ ತೀರ ಬೆಲೆ ಏರಿಸಿದರೆ ಹೊರಗಿನ ಸರಕು ಸುಂಕ ಕೊಟ್ಟು ಒಳಬರುತ್ತದೆ. ಕೋಟಾ ತುಂಬಿದ ಮೇಲೆ ಆ ಭಯ ಅವನಿಗಿರುವುದಿಲ್ಲ.

ತೊಗರಿಗೆ ಹತ್ತಿರದ ಉದಾಹರಣೆ ಬರಗಾಲ. ನಮ್ಮ ಲೆಕ್ಕಕ್ಕೇ ಮರಳಿ, ಮಳೆ ಕೈಕೊಟ್ಟು ಆಮದಿನ ಬೇಡಿಕೆ ಎಲ್ಲ ಬೆಲೆಯಲ್ಲೂ 4 ಲಕ್ಷ ಟನ್ ಹೆಚ್ಚಿತೆಂದುಕೊಳ್ಳಿ. ₹10 ಸುಂಕವಿದ್ದರೆ ಬೆಲೆ ₹60ರಲ್ಲೇ ಇರುತ್ತದೆ, ಆಮದು 8 ಲಕ್ಷ ಟನ್‌ಗೆ ಏರುತ್ತದೆ, ಬೊಕ್ಕಸಕ್ಕೆ ₹800 ಕೋಟಿ ಬರುತ್ತದೆ. 4 ಲಕ್ಷ ಟನ್ ಕೋಟಾ ಇದ್ದರೆ ಹೊರಗಿನ ಕಾಳು ಹೆಚ್ಚು ಬರುವಂತಿಲ್ಲ. ಬೆಲೆ ₹70ಕ್ಕೆ ಏರುತ್ತದೆ. ಪರವಾನಗಿಯವನ ಉಳಿಕೆ ಕಿಲೋಗೆ ₹20, ಒಟ್ಟು ₹800 ಕೋಟಿ. ಎರಡು ಕಡೆಯೂ ಮೊತ್ತ ಒಂದೇ. ಒಂದು ಕಡೆ ಅದು ಹೆಚ್ಚು ಕಾಳು ಬಂದದ್ದರಿಂದ ಬೊಕ್ಕಸಕ್ಕೆ ಬಂದ ತೆರಿಗೆ, ಇನ್ನೊಂದು ಕಡೆ ಕಾಳು ಬಾರದ್ದರಿಂದ ಕೆಲವರಿಗೆ ಒದಗಿದ ಲಾಭ.

ವಿದೇಶದ ಬೆಲೆ ₹50ರಿಂದ ₹40ಕ್ಕೆ ಇಳಿದರೂ ಇಂಥದೇ ವ್ಯತ್ಯಾಸ. ಸುಂಕವಿದ್ದಾಗ ಪೇಟೆಯ ಬೆಲೆ ₹50 ಆಗಿ ಗ್ರಾಹಕನಿಗೆ ಅಗ್ಗ ತಲಪುತ್ತದೆ, ರೈತನ ರಕ್ಷಣೆ ಸಡಿಲವಾಗುತ್ತದೆ. ಕೋಟಾ ಇದ್ದಾಗ ಬೆಲೆ ₹60ರಲ್ಲೇ ನಿಲ್ಲುತ್ತದೆ, ಇಳಿದ ₹10 ಪರವಾನಗಿಯವನದಾಗುತ್ತದೆ. ಬೆಲೆ ಕುಸಿತಕ್ಕೆ ಅಂಜುವ ರೈತ ಸಂಘಟನೆಗಳು ಸುಂಕಕ್ಕಿಂತ ಕೋಟಾವನ್ನು ಮೆಚ್ಚಲು ಇದು ಕಾರಣ, ಅವರ ಎಣಿಕೆ ತಪ್ಪಲ್ಲ. ಆದರೆ ವಿದೇಶದ ಬೆಲೆಯೇ ₹60ಕ್ಕೆ ಏರಿದರೆ ಕೋಟಾದಡಿ 4 ಲಕ್ಷ ಟನ್ ₹60ಕ್ಕೇ ಬರುತ್ತದೆ, ಗೇಣಿ ಸೊನ್ನೆಯಾಗುತ್ತದೆ. ಅದೇ ₹10 ಸುಂಕವಿದ್ದರೆ ಬೆಲೆ ₹70 ಆಗಿ ಆಮದು ನಿಂತೇಹೋಗುತ್ತದೆ. ತುಟ್ಟಿಯ ಕಾಲದಲ್ಲಿ ಸರ್ಕಾರ ಸುಂಕವನ್ನು ಇಳಿಸದೆ ಕೂತರೆ ಸುಂಕವೂ ಗ್ರಾಹಕನಿಗೆ ಕ್ರೂರವಾಗಬಲ್ಲದು.

ಗೇಣಿ ಎಲ್ಲಿದೆ ಎಂದು ತಿಳಿಯುವ ಬಗೆ

ಕೋಟಾ ಜಾರಿಯಲ್ಲಿರುವ ಯಾವುದೇ ಸರಕಿನ ವಿಷಯದಲ್ಲಿ ಮೂರು ಬೆಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದು ಅದೇ ಸರಕು ಕೋಟಾ ಇಲ್ಲದ ಬೇರೆ ದೇಶಗಳಿಗೆ ಮಾರಾಟವಾಗುವ ಬೆಲೆ. ಎರಡನೆಯದು ನಮ್ಮ ಬಂದರಿನಲ್ಲಿ ಘೋಷಿಸಿದ ಆಮದು ಬೆಲೆ. ಮೂರನೆಯದು ನಮ್ಮ ಸಗಟು ಪೇಟೆಯ ಬೆಲೆ.

ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಸಾಗಣೆ, ಬಡ್ಡಿ, ಸವಕಳಿ ಕಳೆದ ಮೇಲೂ ದೊಡ್ಡ ಅಂತರ ಉಳಿದರೆ ಗೇಣಿ ಒಳನಾಡಿನ ಪರವಾನಗಿದಾರನ ಬಳಿಯಿದೆ. ಎರಡನೆಯದು ಮೂರನೆಯದರ ಸಮೀಪಕ್ಕೆ ಏರಿ ಮೊದಲನೆಯದರಿಂದ ದೂರ ಸರಿದಿದ್ದರೆ ಗೇಣಿ ವಿದೇಶಿ ರಫ್ತುದಾರನ ಬಳಿಗೆ ಹೋಗಿದೆ. ಮೂರೂ ಒಂದಕ್ಕೊಂದು ಹತ್ತಿರವಿದ್ದರೆ ಕೋಟಾ ಹೆಸರಿಗಷ್ಟೇ ಇದೆ, ಅದು ಯಾರನ್ನೂ ತಡೆಯುತ್ತಿಲ್ಲ. ಘೋಷಿತ ಬೆಲೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಗೇಣಿಯನ್ನು ವಿದೇಶದಲ್ಲೇ ಉಳಿಸಿಕೊಳ್ಳಲು ಬಯಸುವವರು ಪಟ್ಟಿಯಲ್ಲಿ ಬೆಲೆ ಏರಿಸಿ ತೋರಿಸಬಹುದು.

ಪರವಾನಗಿಯನ್ನು ಬೇರೆಯವರಿಗೆ ಮಾರಲು ಅವಕಾಶವಿದ್ದಲ್ಲಿ ಇಷ್ಟು ಕಷ್ಟವಿಲ್ಲ. ಆ ಪತ್ರದ ಪೇಟೆಯ ದರವೇ ಗೇಣಿಯ ಅಳತೆ. ತೊಗರಿ ಕೋಟಾದಂತೆ ಸ್ವಂತ ಬಳಕೆಯ ಷರತ್ತು ಇದ್ದಲ್ಲಿ ಅಂಥ ದರ ಹೊರಬೀಳುವುದಿಲ್ಲ, ಗೇಣಿ ಗಿರಣಿಯ ಲಾಭದೊಳಗೆ ಬೆರೆತು ಮರೆಯಾಗುತ್ತದೆ. ಆಗ ಕೇಳಬೇಕಾದದ್ದು, ಯಾವ ಗಿರಣಿಗೆ ಎಷ್ಟು ಟನ್ ಪಾಲು ಸಿಕ್ಕಿತು, ಅದರಲ್ಲಿ ಎಷ್ಟು ನಿಜವಾಗಿ ಬಂತು ಎಂಬ ಪಟ್ಟಿಯನ್ನು. ಕಿಲೋಗೆ ಉಳಿದ ಅಂತರವನ್ನು ಆ ಟನ್ನುಗಳಿಂದ ಗುಣಿಸಿದರೆ, ಸುಂಕ ಹಾಕಿದ್ದರೆ ಬೊಕ್ಕಸಕ್ಕೆ ಬರುತ್ತಿದ್ದ ಮೊತ್ತ ಯಾರ ಹೆಸರಿನಲ್ಲಿ ಎಷ್ಟು ನಿಂತಿದೆ ಎಂಬುದು ಹೊರಬೀಳುತ್ತದೆ.